ಪರಭಾಷೆ ರದ್ದು ಮಾಡಿ ಅಂತ ಒಂದು ಅರ್ಜಿ

ಕನ್ನಡವನ್ನು ತಿಕ್ಕಿ ತೊಳೆದು ಶುದ್ಧ ಮಾಡಬೇಕು ಅನ್ನುವವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಅವರ ಮನವಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮಾದರಿಗೆ ಒಂದನ್ನು ನಾನೇ ಬರೆದುಕೊಡುತ್ತೇನೆ. ಬೇಕಾದವರು ಕೆಳಗೆ ತಮ್ಮ ಹೆಸರು ಹಾಕಿಕೊಂಡು ಬಳಸಬಹುದು:

"ಮಾನ್ಯ ತಹಶೀಲ್ದಾರ್ ಸಾಹೇಬರಿಗೆ ಅರ್ಜಿ. ನಮ್ಮ ತಾಲ್ಲೂಕಿನ ಎಲ್ಲ ಇಲಾಖೆಗಳಲ್ಲಿ ಪರಭಾಷೆಯ ಪದಗಳನ್ನು ತಕ್ಷಣ ರದ್ದು ಮಾಡಿ ಶುದ್ಧ ಕನ್ನಡ ಜಾರಿ ಮಾಡಬೇಕು. ಇದು ನಮ್ಮ ಹಕ್ಕು. ತಪ್ಪಿದರೆ ಜಿಲ್ಲೆಯ ಮುಖ್ಯರ ಮುಂದೆ ಹಾಜರಾಗಿ ತಕರಾರು ಸಲ್ಲಿಸುತ್ತೇವೆ."

ಆವೇಶ ಚೆನ್ನಾಗಿದೆ. ಬೇಡಿಕೆಯನ್ನು ಈ ಅರ್ಜಿಯಿಂದಲೇ ಈಡೇರಿಸಲು ಶುರು ಮಾಡೋಣ. ತಹಶೀಲ್ದಾರ್, ಸಾಹೇಬ, ಅರ್ಜಿ, ತಾಲ್ಲೂಕು, ಇಲಾಖೆ, ರದ್ದು, ಜಾರಿ, ಹಕ್ಕು, ಜಿಲ್ಲೆ, ಹಾಜರು, ತಕರಾರು. ಇಷ್ಟೂ ಅರಬ್ಬಿ ಬೇರಿನವು. 'ತಹಶೀಲ್ದಾರ್'ನ ಬಾಲ ಮಾತ್ರ ಪರ್ಷಿಯನ್. ಅವನ್ನೆಲ್ಲ ತೆಗೆದ ಮೇಲೆ ಅರ್ಜಿ ಹೀಗೆ ಉಳಿಯುತ್ತದೆ: ಮಾನ್ಯ ಯಾರಿಗೋ ಏನೋ. ನಮ್ಮ ಎಲ್ಲಿಯದೋ ಎಲ್ಲದರಲ್ಲಿ ಪರಭಾಷೆಯ ಪದಗಳನ್ನು ತಕ್ಷಣ ಏನೋ ಮಾಡಿ ಶುದ್ಧ ಕನ್ನಡ ಏನೋ ಮಾಡಬೇಕು. ಇದು ನಮ್ಮ ಏನೋ. 'ಮಾನ್ಯ', 'ಪರಭಾಷೆ', 'ತಕ್ಷಣ', 'ಶುದ್ಧ' ಸಂಸ್ಕೃತದವು. ಆದರೆ ಸಂಸ್ಕೃತ ನಮ್ಮ ಅರ್ಜಿದಾರರ ಲೆಕ್ಕದಲ್ಲಿ ಪರಭಾಷೆ ಅಲ್ಲ. ಯಾಕೆ ಅಂತ ಕೇಳಬೇಡಿ, ಸುಮ್ನೆ ಜಗಳ.

ಇಷ್ಟೊಂದು ಅರಬ್ಬಿ ನಮ್ಮ ತಾಲ್ಲೂಕು ಕಚೇರಿಗೆ ಬಂದಿದ್ದು ಹೇಗೆ? ಅರಬ್ಬರು ಕುದುರೆ ಮಾರಲು ಬಂದರಿಗೆ ಬಂದಾಗ 'ಹಾಜರು' 'ಜಪ್ತಿ' ಎಲ್ಲ ಬಿಟ್ಟುಹೋದರು ಅಂತ ನಂಬುವವರಿದ್ದಾರೆ. ಅದು ಸರಿಯಲ್ಲ ಅಂತ ಪದಗಳೇ ಸಾಕ್ಷಿ ಹೇಳುತ್ತವೆ. ಅರಬ್ಬಿಯಲ್ಲಿ ನಾಲಿಗೆಯನ್ನು ಭಾರವಾಗಿ ಒತ್ತಿ ನುಡಿಯುವ ಒಂದು ಅಕ್ಷರವಿದೆ, ನಮ್ಮ 'ದ'ಕಾರಕ್ಕೆ ಹತ್ತಿರದ್ದು. ಅರಬ್ಬರಿಗೆ ಅದರ ಮೇಲೆ ಎಷ್ಟು ಹೆಮ್ಮೆ ಅಂದರೆ ತಮ್ಮ ಭಾಷೆಯನ್ನೇ ಆ ಅಕ್ಷರದ ಭಾಷೆ ಅಂತ ಕರೆದುಕೊಳ್ಳುತ್ತಾರೆ. ಪರ್ಷಿಯನ್ನರ ಬಾಯಿಗೆ ಅದು ಹತ್ತಲಿಲ್ಲ. ಅವರು ಅದನ್ನು 'ಜ಼' ಮಾಡಿದರು. ನಮಗೆ ಜ಼ ಇಲ್ಲ, ನಾವು 'ಜ' ಮಾಡಿಕೊಂಡೆವು. ಹೀಗೆ ಅರಬ್ಬಿಯ 'ಹಾದಿರ್' ಪರ್ಷಿಯನ್ನಿನಲ್ಲಿ 'ಹಾಜ಼ಿರ್' ಆಗಿ, ನಮ್ಮಲ್ಲಿ 'ಹಾಜರು' ಆಯಿತು. ಅರ್ಜಿ, ರಾಜಿ, ಮರ್ಜಿ, ಜಪ್ತಿ, ಜಿಲ್ಲೆ, ಜರೂರು ಎಲ್ಲದರಲ್ಲೂ ಇರುವ ಜಕಾರ ಆ ಅಕ್ಷರದ್ದೇ. ಅರಬ್ಬರ ಬಾಯಿಂದ ನೇರ ಬಂದಿದ್ದರೆ ಇಲ್ಲೆಲ್ಲ ದಕಾರ ಕೇಳಬೇಕಿತ್ತು. ಅಂದರೆ ಇವು ಬಂದರಿನಲ್ಲಿ ಇಳಿದ ಪದಗಳಲ್ಲ. ಪರ್ಷಿಯನ್ ಗೊತ್ತಿದ್ದ ಲೆಕ್ಕದವರ ಕೈಯಿಂದ, ಬಿಜಾಪುರದ ದಫ್ತರಗಳಿಂದ, ಆಮೇಲೆ ಮರಾಠರ, ಹೈದರ್ ಮತ್ತು ಟಿಪ್ಪುವಿನ, ನಿಜಾಮರ ಕಚೇರಿಗಳಿಂದ ಬಂದವು. ಅದಕ್ಕೇ ಅವು ಇವತ್ತಿಗೂ ಕಚೇರಿ ಬಿಟ್ಟು ಕದಲಿಲ್ಲ.

ಶುದ್ಧೀಕರಣದವರಿಗೊಬ್ಬ ಅಣ್ಣ ಇದ್ದಾನೆ. ಅವನು ಪದಗಳನ್ನು ಓಡಿಸುವುದಿಲ್ಲ, ಅವುಗಳ 'ನಿಜವಾದ ಅರ್ಥ' ಹೇಳುತ್ತಾನೆ. ಯಾವ ಪದ ಸಿಕ್ಕರೂ ಮೂಲಕ್ಕೆ ಓಡಿ, ಅಲ್ಲಿನ ಅರ್ಥ ಹಿಡಿದು ತಂದು, ನೀವೆಲ್ಲ ಇಷ್ಟು ದಿನ ತಪ್ಪಾಗಿ ಬಳಸುತ್ತಿದ್ದಿರಿ ಅನ್ನುತ್ತಾನೆ. ಅವನ ಮಾತು ಕೇಳಿ ಆಡಳಿತ ನಡೆಸಿದರೆ ಹೇಗಿರುತ್ತದೆ?

ಜಿಲ್ಲೆ ಅಂದರೆ ಅರಬ್ಬಿಯಲ್ಲಿ ಪಕ್ಕೆಲುಬು. ಅಲ್ಲಿಂದ 'ಪಕ್ಕ', ಪಕ್ಕದಿಂದ 'ಭಾಗ', ಭಾಗದಿಂದ 'ನಾಡಿನ ಒಂದು ಭಾಗ'. ಮೂಲಾರ್ಥದ ಪ್ರಕಾರ ಜಿಲ್ಲಾಧಿಕಾರಿಗಳನ್ನು ಮೂಳೆ ಡಾಕ್ಟರ ಪಟ್ಟಿಗೆ ಸೇರಿಸಬೇಕು. ಜವಾನ ಅಂದರೆ ಪರ್ಷಿಯನ್ನಿನಲ್ಲಿ ಯುವಕ. ನಿವೃತ್ತಿಗೆ ಆರು ತಿಂಗಳಿದ್ದು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಜವಾನರನ್ನು ಏನು ಮಾಡುವುದು, ಅಣ್ಣನೇ ಹೇಳಬೇಕು. ತಾಲ್ಲೂಕು, ಇಲಾಖೆ ಎರಡಕ್ಕೂ ಒಂದೇ ಬೇರು. ಅದರ ಅರ್ಥ 'ನೇತಾಡು, ಅಂಟಿಕೊಂಡಿರು'. ಅದರಿಂದ 'ಸಂಬಂಧ', ಸಂಬಂಧದಿಂದ 'ಒಬ್ಬರ ಕೈಕೆಳಗಿನ ಪ್ರದೇಶ' ಅಥವಾ 'ಕೆಲಸದ ವಿಭಾಗ'. ಇದೊಂದು ಕಡೆ ಮಾತ್ರ ಅಣ್ಣನ ಮಾತನ್ನು ಒಪ್ಪಬಹುದು. ಇಲಾಖೆಯಲ್ಲಿ ಫೈಲು ನೇತಾಡುವುದನ್ನೂ ಸಾಹೇಬರು ಕುರ್ಚಿಗೆ ಅಂಟಿಕೊಂಡಿರುವುದನ್ನೂ ಎಲ್ಲರೂ ನೋಡಿದ್ದೇವೆ.

ತಕರಾರು ಇನ್ನೂ ಮಜಾ. ಅರಬ್ಬಿಯಲ್ಲಿ ಅದು 'ಮತ್ತೆ ಮತ್ತೆ ಹೇಳುವುದು'. ಒಂದೇ ಮಾತನ್ನು ಇಬ್ಬರು ಮತ್ತೆ ಮತ್ತೆ ಹೇಳಿದರೆ ಅದು ವಾದ. ವಾದ ಬರಹಕ್ಕಿಳಿದು ಕಚೇರಿಗೆ ಹೋದರೆ ಆಕ್ಷೇಪಣೆ. ಕಂದಾಯದವರು 'ತಕರಾರು ಅರ್ಜಿ' ಅಂದಾಗ ಅದಕ್ಕೆ ಗೊತ್ತಾದ ಒಂದು ಅರ್ಥ ಇದೆ: ಖಾತೆ ಬದಲಾವಣೆಗೆ ಯಾರೋ ಅಡ್ಡ ಬಂದಿದ್ದಾರೆ. ಅಲ್ಲಿಗೆ ಹೋಗಿ 'ಸ್ವಾಮಿ, ಇದರ ನಿಜವಾದ ಅರ್ಥ ಪುನರಾವರ್ತನೆ' ಅಂದರೆ ನಿಮ್ಮ ಕೇಸು ಬಿದ್ದುಹೋಗುತ್ತದೆ. ಪದದ ಜಾಡು ಹಿಡಿಯುವುದು ಹಳೆಯ ಅರ್ಥವನ್ನು ಇವತ್ತಿನ ತಲೆಗೆ ಕಟ್ಟುವುದಕ್ಕಲ್ಲ, ಇವತ್ತಿನ ಅರ್ಥಕ್ಕೆ ಯಾವ ದಾರಿಯಲ್ಲಿ ಬಂತು ಅಂತ ನೋಡುವುದಕ್ಕೆ.

ಆ ದಾರಿ ಕೆಲವು ಸಲ ಕವಲೊಡೆಯುತ್ತದೆ. ಅರಬ್ಬಿಯ 'ಅಮಲ್' ಅಂದರೆ ಕೆಲಸ. ಒಂದು ಕವಲಿನಲ್ಲಿ ಕೆಲಸವೇ ಆಡಳಿತವಾಯಿತು. ಹಳೇ ಮೈಸೂರಿನ ತಾಲ್ಲೂಕಿಗೆ ಅಮಲ್ದಾರರು ಬಂದದ್ದು ಅಲ್ಲಿಂದ. ಇನ್ನೊಂದು ಕವಲಿನಲ್ಲಿ ಅದು ಹೊಟ್ಟೆಗೆ ಹೋದ ವಸ್ತು ಮಾಡುವ 'ಕೆಲಸ'ವಾಯಿತು, ಅಂದರೆ ನಶೆ. ಕನ್ನಡ ಎರಡನ್ನೂ ಇಟ್ಟುಕೊಂಡಿತು. ಆದ್ದರಿಂದ 'ಅಧಿಕಾರದ ಅಮಲು' ಅನ್ನುವಾಗ ನಾವು ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದೇವೆ. ತಕರಾರು ಅಂದರೆ ಇದೇ, ಅಲ್ವಾ?

'ಜಾರಿ' ಪದವನ್ನಂತೂ ಮುಟ್ಟುವುದೇ ಅಪಾಯ. ಅರಬ್ಬಿಯಲ್ಲಿ ಅದು 'ಹರಿಯುತ್ತಿರುವ, ನಡೆಯುತ್ತಿರುವ'. ನೀರು ಹರಿದ ಹಾಗೆ ಆದೇಶವೂ ಹರಿದರೆ ಅದು ಜಾರಿಯಲ್ಲಿದೆ. ಆದರೆ ಶುದ್ಧ ಕನ್ನಡವೇ ಬೇಕು ಅಂದರೆ 'ಜಾರಿ' ಅನ್ನುವುದು 'ಜಾರು' ಧಾತುವಿನ ರೂಪ, ಅಪ್ಪಟ ನಮ್ಮದು. ಆಗ ಅರ್ಜಿದಾರರು ಬರೆದದ್ದರ ಅರ್ಥ: ಶುದ್ಧ ಕನ್ನಡವನ್ನು ಜಾರಿಸಿಬಿಡಿ. ದೆಹಲಿಯ ಇ.ಡಿ.ಗೆ ಕನ್ನಡ ಪತ್ರಿಕೆಗಳು 'ಜಾರಿ ನಿರ್ದೇಶನಾಲಯ' ಅನ್ನುತ್ತವೆ. ಅಲ್ಲಿ ಯಾವ ಅರ್ಥ ಹೊಂದುತ್ತದೆ ಅನ್ನುವುದನ್ನು ಆಯಾ ಪಕ್ಷದವರಿಗೆ ಬಿಟ್ಟಿದ್ದೇನೆ.

ಸರಿ, ಹಳೆಯ ಪದ ಓಡಿಸಿ ಹೊಸದು ಕಟ್ಟೋಣ ಅಂದರೆ? ಇದನ್ನು ನಮಗಿಂತ ಗಟ್ಟಿಗರು ಮಾಡಿ ನೋಡಿದ್ದಾರೆ. ಶಿವಾಜಿ ಮಹಾರಾಜರು ಆಡಳಿತದ ಪರ್ಷಿಯನ್ ಪದಗಳಿಗೆ ಸಂಸ್ಕೃತ ಪದ ಕೊಡುವ 'ರಾಜವ್ಯವಹಾರಕೋಶ'ವನ್ನೇ ಮಾಡಿಸಿದರು. 1674ರ ಪಟ್ಟಾಭಿಷೇಕದ ಹೊತ್ತಿಗೆ ಮಂತ್ರಿಗಳ ಪದವಿಗಳಿಗೂ ಸಂಸ್ಕೃತ ಹೆಸರು ಬಂತು. ಪೇಶ್ವೆ 'ಪಂತಪ್ರಧಾನ'ರಾದರು. ಪೇಶ್ವೆ ಅಂದರೆ ಪರ್ಷಿಯನ್ನಿನಲ್ಲಿ ಮುಂದಾಳು. ಮುಂದೆ ಅದೇ ಪದವಿಯಲ್ಲಿದ್ದವರು ರಾಜ್ಯವನ್ನೇ ಆಳಿದರು. ಇವತ್ತು ಅವರನ್ನು ಯಾರಾದರೂ ಪಂತಪ್ರಧಾನರು ಅನ್ನುತ್ತಾರಾ? ರಾಜರ ಕೈಯಲ್ಲೇ ಆಗದ್ದನ್ನು ನಮ್ಮ ಅರ್ಜಿದಾರರು ಸಂಜೆ ಐದರೊಳಗೆ ಮಾಡಿಸಬೇಕು ಅನ್ನುತ್ತಾರೆ.

ನಾವೇ ಹೊಸದಾಗಿ ಕಟ್ಟಿದ ಪದಗಳ ಕಥೆ ಇನ್ನೂ ಚೆನ್ನಾಗಿದೆ. ಇಂಗ್ಲಿಷಿನ 'ಯೂಸರ್' ಬೇಡ, ಅಚ್ಚ ಕನ್ನಡದ 'ಬಳಕೆದಾರ' ಇರಲಿ ಅಂತ ಮೊಬೈಲುಗಳಲ್ಲೆಲ್ಲ ಅದೇ ಬಂದಿದೆ. ಬಳಕೆ ನಮ್ಮದೇ, ಒಪ್ಪಿದೆ. ಆದರೆ 'ದಾರ'? 'ಉಳ್ಳವನು, ಹಿಡಿದವನು' ಅನ್ನುವ ಪರ್ಷಿಯನ್ ಬಾಲ ಅದು, ತಹಶೀಲ್ದಾರರಲ್ಲಿ ಇದ್ದದ್ದೇ. ಗುತ್ತಿಗೆದಾರ, ಪಾಲುದಾರ, ಹೂಡಿಕೆದಾರ ಎಲ್ಲ ಇದೇ ಜಾತಿ. ಪದ ಎರವಲು ತರುವುದು ಎಲ್ಲ ಭಾಷೆಗೂ ಗೊತ್ತು. ಎರವಲು ತಂದ ಪ್ರತ್ಯಯವನ್ನು ಸ್ವಂತ ಪದಕ್ಕೆ ಹೊಲಿಯಲು ಶುರು ಮಾಡಿದೆವು ಅಂದರೆ ಆ ಪ್ರತ್ಯಯ ಇನ್ನು ವಾಪಸ್ ಹೋಗುವುದಿಲ್ಲ. ವಾಪಸ್ ಕೂಡ ಪರ್ಷಿಯನ್ನೇ, ಬಿಡಿ.

ಇಷ್ಟೆಲ್ಲ ಇದ್ದರೂ ಕೋಪವೆಲ್ಲ ಇಂಗ್ಲಿಷಿನ ಮೇಲೇ ಯಾಕೆ? ಅದು ಹೊಸದು, ಕಣ್ಣಿಗೆ ಬೀಳುತ್ತದೆ. ಆದರೆ ಅದೂ ವೇಷ ಬದಲಿಸುತ್ತಿದೆ. ಕನ್ನಡ ತನ್ನ 'ಕಲ್ಲು', 'ಕಾಲು'ಗಳ ನಿಯಮವನ್ನೇ ಇಂಗ್ಲಿಷಿಗೂ ಹಾಕಿದೆ. ಮೊದಲ ಸ್ವರ ಗಿಡ್ಡವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿ: ಬಸ್ಸು, ಪೆನ್ನು. ಸ್ವರ ಉದ್ದವಾಗಿದ್ದರೆ ಒಂಟಿ: ಕಾರು, ರೈಲು. ಆಮೇಲೆ ವಿಭಕ್ತಿ ತಾನಾಗಿ ಅಂಟುತ್ತದೆ, ಬಸ್ಸಿಗೆ, ಕಾರಿನಲ್ಲಿ. ಹಕ್ಕು, ರದ್ದುಗಳ ಬೆನ್ನಿಗೂ ಇಂಥದೇ ಉಕಾರ ಅಂಟಿದೆ. ಇನ್ನು ಇನ್ನೂರು ವರ್ಷ ಬಿಟ್ಟು ಯಾರೋ 'ನಮ್ಮ ಹಳೆಯ ಬಸ್ಸು ಪದವನ್ನು ಉಳಿಸಿ' ಅಂತ ಅರ್ಜಿ ಬರೆಯುತ್ತಾರೆ.

ಇಂಗ್ಲಿಷಿನ ಮೇಲೆ ಸುಳ್ಳು ಕೇಸುಗಳೂ ಇವೆ. 'ರಸೀದಿ' ಅನ್ನುವುದು 'ರಿಸೀಟ್' ಕೆಟ್ಟು ಆದದ್ದು ಅನ್ನುತ್ತಾರೆ. ಕಿವಿಗೊಟ್ಟು ಕೇಳಿ. ಇಂಗ್ಲಿಷಿನ ಟಕಾರ ನಮ್ಮಲ್ಲಿಗೆ ಟಕಾರವಾಗಿಯೇ ಬರುತ್ತದೆ: ಟಿಕೆಟು, ನೋಟು, ಕೋರ್ಟು. ರಸೀದಿಯಲ್ಲಿ ಇರುವುದು ಮೆತ್ತಗಿನ ದಕಾರ. ಅದು ಪರ್ಷಿಯನ್ನಿನ 'ರಸೀದ್', ಅಂದರೆ 'ತಲುಪಿತು'. ಪೋರ್ಚುಗೀಸರ ತ, ದಗಳೂ ಹೀಗೇ ಮೆತ್ತಗೆ. ಪಾದ್ರಿ, ಮೇಸ್ತ್ರಿ, ಇಸ್ತ್ರಿಗಳನ್ನು ನೋಡಿ. ಅವರದ್ದೇ 'ಬಟಾಟೆ' ಮಾತ್ರ ಟಕಾರ ಹಿಡಿದು ಈ ಪರೀಕ್ಷೆಯನ್ನು ಕೆಡಿಸುತ್ತದೆ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರಿಂದ ನಮಗೆ ಬಂದದ್ದು ಹೆಚ್ಚಾಗಿ ಮನೆ, ಅಡುಗೆ, ಕೂಲಿಯ ಪದಗಳು. ಪಗಾರ ಅವರಲ್ಲಿ 'ಹಣ ಕೊಡು' ಅನ್ನುವ ಕ್ರಿಯಾಪದ. ತಗೊಳ್ಳುವವರು ಅದನ್ನು ನಾಮಪದ ಮಾಡಿಕೊಂಡರು. ಕೊಡುವವರಿಗೆ ಅದು ಈಗಲೂ ಕಷ್ಟದ ಕ್ರಿಯೆಯೇ.

ಕೊನೆಗೆ ಮೇಜಿನ ತಕರಾರು ಒಂದಿದೆ. ಪರ್ಷಿಯನ್ನಿನಲ್ಲಿ 'ಮೇಜ಼್', ಪೋರ್ಚುಗೀಸಿನಲ್ಲಿ 'ಮೇಜ಼'. ಎರಡಕ್ಕೂ ಅರ್ಥ ಒಂದೇ, ಎರಡರಲ್ಲೂ ನಮ್ಮ ಜಕಾರವಾಗುವ ಅದೇ ಜ಼. ಜಕಾರ, ದಕಾರ ಹಿಡಿದು ಮಾಡಿದ ಪರೀಕ್ಷೆಗಳೆಲ್ಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡು ಬಾಗಿಲಿಂದಲೂ ಬಂದು ಒಂದರೊಳಗೊಂದು ಸೇರಿಹೋಗಿರಬಹುದು. ಓಡಿಸಬೇಕು ಅಂದರೆ ಇರಾನಿಗೋ ಲಿಸ್ಬನ್ನಿಗೋ ಅಂತ ಮೊದಲು ತೀರ್ಮಾನ ಆಗಬೇಕು. ಅಲ್ಲಿಯವರೆಗೆ ಮೇಜು ಇದ್ದಲ್ಲೇ ಇರಲಿ. ಅರ್ಜಿದಾರರಿಗೂ ಅರ್ಜಿ ಇಡಲು ಏನಾದರೂ ಬೇಕಲ್ಲ.