ನೀಲಿ ಹೋಗಿ ನೇರಳೆ ಬಂತು

ಗೆಳತಿಯ ಈಜು ತರಗತಿಗೆ ಫ್ಲೈಯರ್ ಮಾಡಿಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡಿದ್ದೆ. ಈಜು ಅಂದಮೇಲೆ ನೀಲಿ ಬೇಕಲ್ಲ? ಕಂಪ್ಯೂಟರಿನಲ್ಲಿ ಸಿಗುವ ಅತಿ ಝಗಮಗ ನೀಲಿಯನ್ನೇ ಹಿನ್ನೆಲೆಗೆ ಸುರಿದೆ. 500 ಪ್ರತಿ ಬಂದವು. ಕಟ್ಟು ಬಿಚ್ಚಿದರೆ ಕೊಳದ ತುಂಬ ಮಂಕು ನೇರಳೆ.

"ನೀರಿಗೆ ಯಾರೇ ಶಾಯಿ ಸುರಿದಿದ್ದು?" ಅಂದಳು. ಸುರಿದದ್ದು ಶಾಯಿಯೇ, ಅದೇ ತೊಂದರೆ.

ಪ್ರೆಸ್ಸಿನವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಪರದೆ ಬೆಳಕು ಚೆಲ್ಲಿ ನೀಲಿ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅಲ್ಲಿ ಸಯಾನ್ ಎಂಬ ಹಸಿರುನೀಲಿ ಶಾಯಿಯ ಮೇಲೆ ಮಜೆಂಟಾ ಎಂಬ ಕಡುಗುಲಾಬಿ ಶಾಯಿ ಬಿದ್ದೇ ನೀಲಿ ಹುಟ್ಟಬೇಕು. ಪರದೆಯ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲಿದ್ದ ನನ್ನ ನೀಲಿಯನ್ನು ಅವರ ಯಂತ್ರ ಅಚ್ಚಿನ ಶಾಯಿಗಳ ಲೆಕ್ಕವಾದ ಸಿಎಂವೈಕೆಗೆ ಬದಲಿಸುವಾಗ ಸಯಾನ್ ಶೇಕಡಾ 88, ಮಜೆಂಟಾ ಶೇಕಡಾ 77 ಮಾಡಿತ್ತು. ಎರಡೂ ಹೆಚ್ಚುಕಮ್ಮಿ ಸಮಕ್ಕೆ ಬಂದರೆ ನೇರಳೆಯೇ ಗತಿ. "ಮಜೆಂಟಾನ ಸಯಾನ್‌ಗಿಂತ ಒಂದು ಮೂವತ್ತಾದ್ರೂ ಕೆಳಗಿಡಿ ಮೇಡಂ." ಸಯಾನ್ 100, ಮಜೆಂಟಾ 60 ಇಟ್ಟೆ. ಪರದೆಯಲ್ಲಿ ಸಪ್ಪೆಯಾಗಿ ಕಂಡಿತು. ಕಾಗದದ ಮೇಲೆ ಬರುವುದು ಅಷ್ಟೇ, ಮೊದಲೇ ನೋಡಿಕೊಂಡು ಅತ್ತುಬಿಡುವುದು ವಾಸಿ. ಫೋಟೋಶಾಪಿನಲ್ಲಿ ಇದಕ್ಕಾಗಿಯೇ Ctrl+Y ಇದೆ. ಅಚ್ಚಿನಲ್ಲಿ ಬಣ್ಣ ಹೇಗೆ ಇಳಿಯುತ್ತದೆಂದು ಅದು ಅಂದಾಜು ತೋರಿಸುತ್ತದೆ. ನಾನು ಇಷ್ಟು ವರ್ಷ ಅದನ್ನು ಕೈತಪ್ಪಿ ಮಾತ್ರ ಒತ್ತಿದ್ದೆ.

ನೇರಳೆಯ ಜೊತೆಗೆ ಅಂಚಿನಲ್ಲಿ ಬಿಳಿ ದಾರದಂಥ ಗೆರೆಯೂ ಇತ್ತು. ಕಟಿಂಗ್ ಬ್ಲೇಡು ಕೂದಲೆಳೆ ಆಚೀಚೆ ಆಗಿಯೇ ಆಗುತ್ತದಂತೆ. ಅದಕ್ಕೆ ಹಿನ್ನೆಲೆಯನ್ನು ನಾಲ್ಕೂ ಬದಿ 3 ಮಿ.ಮೀ. ಹೊರಚಾಚಿ ಬಿಡಬೇಕು. ಅದೇ ಬ್ಲೀಡ್. ಎ5 ಹಾಳೆ 148 × 210 ಆದರೆ ಫೈಲು 154 × 216. ಸುಲಭ ಅಂದುಕೊಂಡು ಇಡೀ ವಿನ್ಯಾಸವನ್ನೇ ಎಳೆದು ದೊಡ್ಡದು ಮಾಡಿ ಕಳಿಸಿದೆ. ತಕ್ಷಣ ಫೋನ್ ಬಂತು: "ನಿಮ್ಮ ಗೆಳತಿ ನಂಬರಿನ ಕೊನೇ ಅಂಕಿ ಬ್ಲೇಡಿಗೆ ಹೋಗುತ್ತೆ, ಪರವಾಗಿಲ್ವಾ?" ಚಾಚಬೇಕಾದದ್ದು ಹಿನ್ನೆಲೆ ಮಾತ್ರ, ಅಕ್ಷರಗಳು ಕತ್ತರಿಸುವ ಗೆರೆಯಿಂದ ಐದು ಮಿ.ಮೀ. ಒಳಗೇ ಇರಬೇಕು.

ಇನ್ನು ಫೋಟೋ. ವಾಟ್ಸಾಪಿನಲ್ಲಿ ಬಂದಿದ್ದ ಚಿತ್ರದ ಅಗಲ 720 ಪಿಕ್ಸೆಲ್. ಬ್ಲೀಡ್ ಸೇರಿ ಹಾಳೆಯ ಅಗಲಕ್ಕೆ ಇಂಚಿಗೆ 300ರಂತೆ ಸುಮಾರು 1,820 ಬೇಕು. ನಾನು ರೆಸಲ್ಯೂಷನ್ ಚೌಕದಲ್ಲಿ 72 ಅಳಿಸಿ 300 ಬರೆದು ಬೀಗಿದ್ದೆ. ಹಾಲಿಗೆ ನೀರು ಬೆರೆಸಿ ಲೀಟರು ಹೆಚ್ಚಿಸಿದ ಹಾಗೆ! ಈಜುತ್ತಿದ್ದ ಹುಡುಗನಿಗೆ ಮೂಗೇ ಉಳಿದಿರಲಿಲ್ಲ. ಮೂಲ ಫೋಟೋವನ್ನು ಮೇಲ್‌ನಲ್ಲಿ ತರಿಸಿಕೊಂಡಾಗ ಮೂಗು ವಾಪಸು ಬಂತು.

ಈ ಸಲ ಮೊದಲು ಒಂದೇ ಪ್ರತಿ ತೆಗೆಸಿದೆ. ನೀಲಿ ನೀಲಿಯೇ ಆಗಿತ್ತು. ಗೆಳತಿ ಅದನ್ನು ತನ್ನ ಫೋನಿನ ಪಕ್ಕ ಹಿಡಿದು, "ಫೋನಲ್ಲೇ ಇನ್ನೂ ಚೆನ್ನಾಗಿದೆ ಕಣೇ" ಅಂದಳು.

ಅವಳು ಅತ್ತ ತಿರುಗಿದಾಗ ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದೆ. ಆಮೇಲೆ ತಕರಾರಿಲ್ಲ.