ಸತ್ಯಾಂಶ: ರಾಕಬಿಲಿ ಹುಟ್ಟಿದ್ದು ಒಬ್ಬನಿಂದಲೇ?

ಬಂದ ಸಂದೇಶ: "1954ರಲ್ಲಿ ಎಲ್ವಿಸ್ ಪ್ರೀಸ್ಲಿ ಕಂಟ್ರಿ ಹಾಡಿಗೆ ಡ್ರಮ್ ಸೇರಿಸಿ, ಒಬ್ಬನೇ ರಾಕಬಿಲಿ ಕಂಡುಹಿಡಿದ. ನಿಜವೇ?"

ಇಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಮತ್ತು ಕಪ್ಪು ಜನರ ಬ್ಲೂಸ್ ಬೆರೆತ ಶೈಲಿಯೇ ರಾಕಬಿಲಿ. ಆ ವರ್ಷದ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ತಯಾರಾದ ಎಲ್ವಿಸ್‌ನ ಮೊದಲ ರೆಕಾರ್ಡಿನಲ್ಲಿ ಡ್ರಮ್ಮೇ ಇಲ್ಲ! ತಾಳ ಹಿಡಿದವನು ಬಿಲ್ ಬ್ಲ್ಯಾಕ್. ದೊಡ್ಡ ಬೇಸ್ ವಾದ್ಯದ ತಂತಿಯನ್ನು ಎಳೆದು ಬಿಟ್ಟು, ಅಂಗೈಯಿಂದ ಮರದ ಪಟ್ಟಿಗೆ 'ಟಪ್' ಎಂದು ಬಡಿಯುತ್ತಿದ್ದ. ಈ ವರಸೆಯೂ ಹಳೆಯದೇ. ಜಾಝ್ ಮತ್ತು ಕಂಟ್ರಿ ವಾದಕರಲ್ಲಿ ಮೊದಲೇ ಇತ್ತು.

ಬೆರಕೆ ಹೇಗಾಯಿತು ಎಂಬುದು ಆ ರೆಕಾರ್ಡಿನ ಎರಡು ಬದಿಗಳಲ್ಲೇ ಕೇಳಿಸುತ್ತದೆ. ಒಂದು ಬದಿಯಲ್ಲಿ ಕಪ್ಪು ಗಾಯಕ ಆರ್ಥರ್ ಕ್ರುಡಪ್‌ನ ಬ್ಲೂಸ್ ಹಾಡು. ಅದಕ್ಕೆ ಸ್ಕಾಟಿ ಮೂರ್ ಕಂಟ್ರಿ ಶೈಲಿಯಲ್ಲಿ ಗಿಟಾರ್ ಮೀಟಿದ. ಇನ್ನೊಂದು ಬದಿಯಲ್ಲಿ ಬಿಲ್ ಮನ್ರೋನ ಕಂಟ್ರಿ ಹಾಡು. ಮೂಲದಲ್ಲಿ ಅದು ಮೂರು ಎಣಿಕೆಯ ನಿಧಾನ ವಾಲ್ಟ್ಜ್. ಇಲ್ಲಿ ನಾಲ್ಕೆಣಿಕೆಗೆ ತಿರುಗಿ, ಓಟ ಕಿತ್ತಿದೆ. ಮನ್ರೋನ ಮೂಲವನ್ನೂ ಎಲ್ವಿಸ್‌ನ ಹಾಡನ್ನೂ ಒಂದರ ಹಿಂದೊಂದು ಕೇಳುತ್ತಾ ಬೆರಳಲ್ಲಿ ಎಣಿಸಿದರೆ ತಿಳಿಯುತ್ತದೆ.

ಅದರ ಮೇಲೆ ನಿರ್ಮಾಪಕ ಸ್ಯಾಮ್ ಫಿಲಿಪ್ಸ್‌ನ ಕೈಚಳಕ ಬೇರೆ. ದನಿಯನ್ನು ಎರಡನೇ ಟೇಪ್ ಯಂತ್ರಕ್ಕೆ ಹಾಯಿಸಿ, ಕ್ಷಣಮಾತ್ರ ತಡವಾಗಿ ಮರಳಿ ಬೆರೆಸುತ್ತಿದ್ದ. ಮೂವರ ಪುಟ್ಟ ಮೇಳ ತುಂಬಿದಂತೆ ಕೇಳುವುದು ಆ ಮಾರ್ದನಿಯಿಂದ.