ಸಾರಿನಲ್ಲಿ ಬೇಳೆ ಎಷ್ಟು, ನೀರು ಎಷ್ಟು?

ನನ್ನ ತಮ್ಮ ಜಿಮ್‌ಗೆ ಸೇರಿ ಎರಡು ತಿಂಗಳಾಯಿತು. ಹೋದ ವಾರ ಒಂದು ಕೆಜಿ ವೇ ಪ್ರೋಟೀನ್ ಡಬ್ಬಿ ತಂದ. 2,600 ರೂಪಾಯಿ. ಅಮ್ಮ ಬಿಲ್ ನೋಡಿದವರೇ "ನಾಲ್ಕು ತಿಂಗಳ ತೊಗರಿಬೇಳೆ ಬರ್ತಿತ್ತಲ್ಲೋ!" ಅಂದರು. "ನಿನ್ನ ಸಾರಿನಲ್ಲಿ ಪ್ರೋಟೀನ್ ಎಲ್ಲಿದೆಯಮ್ಮ?" ಅಂದ ಅವನು. ಇಬ್ಬರ ಜಗಳ ಬಿಡಿಸೋಕೆ ನಾನು ಅಡುಗೆಮನೆಯ ತಕ್ಕಡಿ ತೆಗೆದುಕೊಂಡು ಕೂತೆ.

ಮೊದಲು ಎಲ್ಲರೂ ಹಾಕುವ ಲೆಕ್ಕ. ಬೆಲೆ ನಮ್ಮ ಬೀದಿ ಅಂಗಡಿಯದು. ತೊಗರಿಬೇಳೆ ಕೆಜಿಗೆ 140 ರೂಪಾಯಿ, 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಅಂದರೆ ಒಂದು ಗ್ರಾಂ ಪ್ರೋಟೀನಿಗೆ 64 ಪೈಸೆ. ಮೊಟ್ಟೆ ಒಂದಕ್ಕೆ 7 ರೂಪಾಯಿ, ಅದರಲ್ಲಿ 6 ಗ್ರಾಂ ಸಿಗುತ್ತದೆ. ಗ್ರಾಮಿಗೆ ಸುಮಾರು 1 ರೂಪಾಯಿ 15 ಪೈಸೆ. ಪನೀರ್ 200 ಗ್ರಾಂ ಪ್ಯಾಕೆಟ್ 90 ರೂಪಾಯಿ, ಗ್ರಾಮಿಗೆ ಎರಡೂವರೆ ರೂಪಾಯಿ. ತಮ್ಮನ ಡಬ್ಬಿಯಲ್ಲಿ 30 ಸ್ಕೂಪ್, ಒಂದೊಂದರಲ್ಲಿ 24 ಗ್ರಾಂ. ಗ್ರಾಮಿಗೆ 3 ರೂಪಾಯಿ 60 ಪೈಸೆ.

ಅಮ್ಮ ಗೆದ್ದರು ಅಂತ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಾವು ಯಾರೂ ಹಸಿ ಬೇಳೆ ತಿನ್ನಲ್ಲ ಅಲ್ವಾ?

ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ, ಎರಡು ಹೊತ್ತಿನ ಸಾರಿಗೆ ಅಮ್ಮ ಹಾಕುವ ಬೇಳೆ ತೂಗಿದೆ. 150 ಗ್ರಾಂ. ಒಟ್ಟು 33 ಗ್ರಾಂ ಪ್ರೋಟೀನ್, ತಲೆಗೆ ದಿನಕ್ಕೆ 8 ಗ್ರಾಂ. ಒಂದೂಕಾಲು ಮೊಟ್ಟೆಯಷ್ಟು, ಅಷ್ಟೇ! ಒಂದು ಬಟ್ಟಲು ಬೇಳೆಗೆ ಇಷ್ಟು ಪ್ರೋಟೀನ್ ಅಂತ ಓಡಾಡುವ ಪಟ್ಟಿಗಳಲ್ಲಿ ಆಗುವ ತಪ್ಪು ಇದೇ. ಒಣಬೇಳೆಯ ಅಂಕಿಯನ್ನು ಬೆಂದ ಬೇಳೆಗೆ ಅಂಟಿಸುತ್ತಾರೆ. ಬೆಂದಾಗ ಬೇಳೆ ನೀರು ಕುಡಿದು ಎರಡೂವರೆ ಪಟ್ಟು ತೂಗುತ್ತದೆ. ಆಮೇಲೆ ಸಾರಿಗೆ ಇನ್ನೂ ನೀರು ಬೀಳುತ್ತದೆ. ತಿಳಿಸಾರು ಇನ್ನೂ ತೆಳು. ನನಗೆ ತಿಳಿಸಾರೇ ಇಷ್ಟ, ಆ ಮಾತು ಬೇರೆ.

ಅಮ್ಮನ ತೂಕ 60 ಕೆಜಿ. ಐಸಿಎಂಆರ್ ಹೇಳುವ ಪ್ರಕಾರ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 50 ಗ್ರಾಂ ಬೇಕು. ಅವರು ತಿನ್ನುವ ಅಕ್ಕಿ, ರಾಗಿ ಸೇರಿ 250 ಗ್ರಾಂ, ಅದರಿಂದ 18 ಗ್ರಾಂ ಬರುತ್ತದೆ. ಹೌದು, ಬೇಳೆಗಿಂತ ಜಾಸ್ತಿ ಬರುತ್ತಿರುವುದು ಅನ್ನ, ಮುದ್ದೆಯಿಂದಲೇ. ಸಾರಿನಿಂದ 8, ಹಾಲು ಮೊಸರಿನಿಂದ 10. ಒಟ್ಟು 36. ಕೊರತೆ 14 ಗ್ರಾಂ.

ಈ 14 ಗ್ರಾಂ ತುಂಬಿಸಲು ಎಷ್ಟಾಗುತ್ತದೆ ಅನ್ನುವುದೇ ನನ್ನ ಪ್ರಕಾರ ಸರಿಯಾದ ಲೆಕ್ಕ. ಪುಡಿಯಿಂದಾದರೆ ದಿನಕ್ಕೆ 50 ರೂಪಾಯಿ. ಪನೀರಿನಿಂದ 35. ಮೊಟ್ಟೆಯಿಂದ 16, ಆದರೆ ಅಮ್ಮ ಮೊಟ್ಟೆ ಮುಟ್ಟಲ್ಲ. ಅವರ ಪಾಲಿನ ಬೇಳೆಯನ್ನು ಎರಡರಷ್ಟು ಮಾಡಿ, ಸಂಜೆ ಒಂದು ಹಿಡಿ ಹುರಿಗಡಲೆ ತಿಂದರೆ ಸುಮಾರು 9 ರೂಪಾಯಿ. ಸಾರಿನ ಬದಲು ಗಟ್ಟಿ ಹುಳಿ ಅಥವಾ ತೊವ್ವೆ ಮಾಡಿದರೆ ಮುಗಿಯಿತು.

ಬೇಳೆಯ ಪ್ರೋಟೀನ್ ಮೊಟ್ಟೆಯಷ್ಟು ಪೂರ್ತಿ ಮೈಗೆ ಹತ್ತುವುದಿಲ್ಲ, ನಿಜ. ಅದಕ್ಕಾಗಿ ಕಾಲು ಭಾಗ ಕಳೆದರೂ ಗ್ರಾಮಿಗೆ 85 ಪೈಸೆ, ಮೊಟ್ಟೆಗಿಂತ ಅಗ್ಗವೇ. ಪ್ರೋಟೀನ್ ಆಗಿರುವುದು ಅಮೈನೊ ಆಮ್ಲಗಳೆಂಬ ತುಣುಕುಗಳಿಂದ. ಅವುಗಳಲ್ಲಿ ಮೆಥಿಯೋನಿನ್ ಬೇಳೆಯಲ್ಲಿ ಕಡಿಮೆ, ಲೈಸಿನ್ ಅಕ್ಕಿಯಲ್ಲಿ ಕಡಿಮೆ. ಜೊತೆಗೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಪನೀರ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಲೀಟರ್ ಹಾಲಿನಲ್ಲಿ 32 ಗ್ರಾಂ ಪ್ರೋಟೀನ್ ಇರುತ್ತದೆ. ಲೀಟರಿಗೆ 48 ರೂಪಾಯಿ ಅಂದರೂ ಗ್ರಾಮಿಗೆ ಒಂದೂವರೆ ರೂಪಾಯಿ. ಅದೇ ಹಾಲು ಒಡೆದು ಪನೀರ್ ಆದಾಗ ಎರಡೂವರೆ ರೂಪಾಯಿ, ಜೊತೆಗೆ ಒಂದಿಷ್ಟು ಪ್ರೋಟೀನ್ ಸೋಸಿದ ನೀರಿನಲ್ಲಿ ಹೋಗಿಬಿಡುತ್ತದೆ. ತಮಾಷೆ ಏನೆಂದರೆ, ಚೀಸ್ ಮಾಡುವಾಗ ಉಳಿಯುವ ಇಂಥದ್ದೇ ನೀರನ್ನು ಸೋಸಿ, ಒಣಗಿಸಿ ಮಾಡಿದ ಪುಡಿಯೇ ತಮ್ಮನ ಡಬ್ಬಿಯಲ್ಲಿರುವುದು. ಮನೆಯಲ್ಲಿ ಪನೀರ್ ಮಾಡಿದರೆ ಆ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಚೆಲ್ಲಬೇಡಿ.

ಹಾಗಂತ ತಮ್ಮ ಪೂರ್ತಿ ಸೋತ ಅಂತಲ್ಲ. ಅವನು 75 ಕೆಜಿ, ಭಾರ ಎತ್ತುತ್ತಾನೆ, ದಿನಕ್ಕೆ 120 ಗ್ರಾಂ ಬೇಕಂತೆ. ಒಂದು ಸ್ಕೂಪಿನ 24 ಗ್ರಾಂ ಬೇಳೆಯಿಂದಲೇ ಬರಬೇಕಾದರೆ 110 ಗ್ರಾಂ ಒಣಬೇಳೆ, ಅಂದರೆ ಹತ್ತಿರಹತ್ತಿರ 370 ಕ್ಯಾಲೊರಿ, ಮೇಲೆ ಹೊಟ್ಟೆಯುಬ್ಬರ. ಪುಡಿಯಲ್ಲಿ 130 ಕ್ಯಾಲೊರಿ ಆಸುಪಾಸು. ದುಬಾರಿ ಬೆಲೆ ಕೊಡುತ್ತಿರುವುದು ಈ ಹಗುರತನಕ್ಕೆ. ದಿನಾ ನಾಲ್ಕು ಮೊಟ್ಟೆ ತಿಂದರೆ ಅದೇ 24 ಗ್ರಾಂ 28 ರೂಪಾಯಿಗೆ ಬರುತ್ತದೆ, ಪುಡಿಗೆ 87. ಬೆಳಗ್ಗೆ ಮೊಟ್ಟೆ ಬೇಯಿಸಿಕೊಳ್ಳೋಕೆ ಸೋಮಾರಿತನ ಅಂತ ಅವನೇ ಒಪ್ಪಿಕೊಂಡ.

ಈಗ ಅಮ್ಮ ಸಾರಿಗೆ 250 ಗ್ರಾಂ ಬೇಳೆ ಹಾಕುತ್ತಿದ್ದಾರೆ. ನಿನ್ನೆ ಅಪ್ಪ ಸೌಟು ಎತ್ತಿ ನೋಡಿ ಕೇಳಿದರು: "ಇದೇನು, ಇವತ್ತು ಮನೇಲಿ ಹಬ್ಬಾನಾ?"